ಕೇಳಿದ್ದೊಂದು, ಬರೆದದ್ದೊಂದು

ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ಸೊನ್ನೆ ಕೊಡುವುದು ಕಷ್ಟದ ಕೆಲಸ ಅಲ್ಲ. ಹದಿನೈದಕ್ಕೆ ಹದಿಮೂರು ಕೊಡುವುದೂ ಕಷ್ಟ ಅಲ್ಲ. ಕಷ್ಟ ಕೊಡುವುದು ಇನ್ನೊಂದು ಜಾತಿಯ ಉತ್ತರ. ಅಕ್ಷರ ಚೆನ್ನಾಗಿರುತ್ತದೆ, ಮಾಹಿತಿ ಸರಿ ಇರುತ್ತದೆ, ಐದು ಪುಟ ತುಂಬಿರುತ್ತದೆ. ಆದರೆ ನಾವು ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ. ಬೇರೆ ಯಾರೋ ಕೇಳಿದ, ಬೇರೆ ಯಾವುದೋ ಪ್ರಶ್ನೆಗೆ ಉತ್ತರ.

ಈ ಸಲದ ಪ್ರಿಪರೇಟರಿ ಪರೀಕ್ಷೆಯಲ್ಲಿ ನಾವು ಕೊಟ್ಟಿದ್ದ ಪ್ರಬಂಧದ ಪ್ರಶ್ನೆ ಇದು: "1881ರಿಂದ 1918ರವರೆಗಿನ ಮೈಸೂರು ಸಂಸ್ಥಾನದ ಆಧುನೀಕರಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರೇ ಮುಖ್ಯ ಕಾರಣ ಎಂಬ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪಬಹುದು? ಚರ್ಚಿಸಿ." ಹದಿನೈದು ಅಂಕ.

ಬೆಂಗಳೂರಿನ ಮಕ್ಕಳಿಗೆ ಈ ಹೆಸರು ಹೊಸದಲ್ಲ. ಪ್ರತಿ ಸೆಪ್ಟೆಂಬರ್ 15ಕ್ಕೆ ಶಾಲೆಯಲ್ಲಿ ಭಾಷಣ ಮಾಡಿರುತ್ತಾರೆ. ಸೆಂಟ್ರಲ್ ಕಾಲೇಜ್ ಹತ್ತಿರದ ಮೆಟ್ರೋ ಸ್ಟೇಷನ್‌ಗೂ ಅವರ ಹೆಸರು, ಬೈಯಪ್ಪನಹಳ್ಳಿಯ ರೈಲ್ವೆ ಟರ್ಮಿನಲ್‌ಗೂ ಅವರ ಹೆಸರು. ಅವರಿಗಿಂತ ಮುಂಚೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ ಕಬ್ಬನ್ ಪಾರ್ಕಿನಲ್ಲೇ ಇದೆ, ಅದರ ಮುಂದೆ ಸೆಲ್ಫಿ ತೆಗೆದುಕೊಂಡವರೂ ಅದು ಯಾರದು ಎಂದು ಕೇಳುವುದು ಕಮ್ಮಿ. ಹಾಗಾಗಿ ಪ್ರಶ್ನೆಯಲ್ಲಿ ವಿಶ್ವೇಶ್ವರಯ್ಯ ಎಂಬ ಹೆಸರು ಕಂಡ ಕೂಡಲೇ ಕೆಲವರ ಪೆನ್ನು ತಾನಾಗಿಯೇ ಓಡಲು ಶುರುಮಾಡುತ್ತದೆ. ಉಳಿದ ಪ್ರಶ್ನೆಯನ್ನು ಅವರು ಓದುವುದೇ ಇಲ್ಲ.

ನಾನು ಹೇಳಹೊರಟಿರುವ ಉತ್ತರ ಶುರುವಾಗುವುದು ಮುದ್ದೇನಹಳ್ಳಿಯಲ್ಲಿ. ಬಡತನ, ಬೀದಿದೀಪದ ಕೆಳಗಿನ ಓದು. ಎರಡನೇ ಪ್ಯಾರಾದಲ್ಲಿ ಪುಣೆ, 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ಹಾಕಿಸಿದ ತಾನಾಗಿ ತೆರೆದುಕೊಳ್ಳುವ ಗೇಟುಗಳು, 1908ರ ಹೈದರಾಬಾದಿನ ಮೂಸಿ ನದಿಯ ಪ್ರವಾಹ. ಮೂರನೆಯದರಲ್ಲಿ ಕನ್ನಂಬಾಡಿ. ನಾಲ್ಕು, ಐದರಲ್ಲಿ 1913ರ ಮೈಸೂರು ಬ್ಯಾಂಕು, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾಲಯ, ಗಂಧದೆಣ್ಣೆ ಕಾರ್ಖಾನೆ, ಕಡ್ಡಾಯ ಪ್ರಾಥಮಿಕ ಶಿಕ್ಷಣ. ಆರರಲ್ಲಿ ಭದ್ರಾವತಿ ಮತ್ತು 1955ರ ಭಾರತರತ್ನ. ಕೊನೆಯ ಸಾಲು: "ಹೀಗಾಗಿ ಮೈಸೂರಿನ ಆಧುನೀಕರಣಕ್ಕೆ ವಿಶ್ವೇಶ್ವರಯ್ಯನವರೇ ಮುಖ್ಯ ಕಾರಣ ಎಂಬ ಮಾತನ್ನು ಪೂರ್ತಿಯಾಗಿ ಒಪ್ಪಬಹುದು."

ಓದಲು ಚೆನ್ನಾಗಿತ್ತು. ಆ ಬಂಡಲ್‌ನಲ್ಲಿ ಅಷ್ಟು ಶುದ್ಧವಾದ ಕನ್ನಡ ಬೇರೆ ಯಾವ ಉತ್ತರದಲ್ಲೂ ಇರಲಿಲ್ಲ. ಇಂಥ ಕಡೆ ಕಣ್ಣು ಮೋಸ ಹೋಗುವುದು ಸುಲಭ. ಮೊದಲ ಓದಿಗೆ ಎಲ್ಲವೂ ಪ್ರಶ್ನೆಯ ಸುತ್ತಲೇ ಇದ್ದ ಹಾಗೆ ಕಾಣುತ್ತದೆ. ಹೆಸರು ಅದೇ, ಸಂಸ್ಥಾನ ಅದೇ, ಕೊನೆಯ ಸಾಲಿನಲ್ಲಿ ಪ್ರಶ್ನೆಯ ಪದಗಳೂ ಬಂದಿವೆ.

ಅನುಮಾನ ಬಂದಾಗ ನಾನು ಮಾಡುವುದು ಒಂದೇ ಕೆಲಸ. ಪ್ರಶ್ನೆಪತ್ರಿಕೆಯನ್ನು ಮಗುಚಿ ಇಡುತ್ತೇನೆ. ಉತ್ತರವನ್ನಷ್ಟೇ ಓದಿ, ಇದಕ್ಕೆ ಹದಿನೈದಕ್ಕೆ ಹದಿನೈದು ಬರಬೇಕಾದರೆ ಪ್ರಶ್ನೆ ಏನಿರಬೇಕಿತ್ತು ಎಂದು ಕೇಳಿಕೊಳ್ಳುತ್ತೇನೆ. ಆ ಪ್ರಶ್ನೆಯನ್ನು ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತೇನೆ. ಇಲ್ಲಿ ಬರೆದದ್ದು ಹೀಗೆ: "ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ ಮತ್ತು ಸಾಧನೆ ಕುರಿತು ಪ್ರಬಂಧ ಬರೆಯಿರಿ." ಆಮೇಲೆ ಪ್ರಶ್ನೆಪತ್ರಿಕೆ ತಿರುಗಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಉತ್ತರ ದಾರಿ ತಪ್ಪಿದೆಯೇ, ತಪ್ಪಿದ್ದರೆ ಎಷ್ಟು ದೂರ ಹೋಗಿದೆ ಎಂಬುದು ಆಗ ಕಾಣುತ್ತದೆ.

ನಾವು ಕೊಟ್ಟ ಪ್ರಶ್ನೆಯಲ್ಲಿ ಮೂರು ಸಂಗತಿ ಇದ್ದವು. ವಿಷಯ, ಅಂದರೆ ಮೈಸೂರಿನ ಆಧುನೀಕರಣ. ಗಡಿ, ಅಂದರೆ 1881ರಿಂದ 1918. ಮತ್ತು ಮಾಡಬೇಕಾದ ಕೆಲಸ, ಅಂದರೆ ಒಂದು ಮಾತನ್ನು ಎಷ್ಟು ಒಪ್ಪಬಹುದು ಎಂದು ತೂಗುವುದು. ಈ ಹುಡುಗಿ ವಿಷಯದಲ್ಲಿ ಅರ್ಧ ಹಿಡಿದಿದ್ದಾಳೆ, ಗಡಿಯನ್ನು ಎರಡೂ ಕಡೆ ದಾಟಿದ್ದಾಳೆ, ಕೆಲಸವನ್ನು ಮುಟ್ಟಿಯೇ ಇಲ್ಲ. ಗಡಿ ದಾಟಿದ್ದು ಒಳ್ಳೆಯ ಸುಳಿವು. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ದಿವಾನರಾಗಿದ್ದು 1912ರಿಂದ 1918. ಮೂಸಿ ಪ್ರವಾಹ ಮೈಸೂರಿನದ್ದಲ್ಲ. ಭದ್ರಾವತಿ ಕಾರ್ಖಾನೆಯಲ್ಲಿ ಕಬ್ಬಿಣ ತಯಾರಾಗಲು ಶುರುವಾಗಿದ್ದು 1923ರಲ್ಲಿ. ಪ್ರಶ್ನೆಯಲ್ಲಿ ಇಸವಿ ಕೊಟ್ಟಿದ್ದೂ ಉತ್ತರ ಅದರ ಆಚೆಗೆ ಇಷ್ಟು ಸಲ ಹೋಗಿದ್ದರೆ, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಇಳಿಸಿದ್ದಾರೆ ಎಂದೇ ಲೆಕ್ಕ.

ಕೊನೆಯ ಸಾಲಿನ ಬಗ್ಗೆ ಎಚ್ಚರ ಬೇಕು. ಟ್ಯೂಷನ್‌ನಲ್ಲೋ ಗೈಡ್‌ನಲ್ಲೋ ಮಕ್ಕಳಿಗೆ ಇದನ್ನು ಹೇಳಿಕೊಡುತ್ತಾರೆ: ಮುಗಿಸುವಾಗ ಪ್ರಶ್ನೆಯ ಪದಗಳನ್ನೇ ತಿರುಗಿ ಬರೆಯಿರಿ ಅಂತ. ಆ ಸಾಲನ್ನು ಬೆರಳಿಂದ ಮುಚ್ಚಿ ನೋಡಬೇಕು. ಮುಚ್ಚಿದ ಮೇಲೆ ಉಳಿದ ಐದು ಪುಟದಲ್ಲಿ ಆ ತೀರ್ಮಾನಕ್ಕೆ ಕಾರಣ ಕೊಡುವ ಒಂದು ವಾಕ್ಯವಾದರೂ ಇದೆಯಾ? ಇಲ್ಲಿ ಇರಲಿಲ್ಲ. ಒಬ್ಬರು ಮಾಡಿದ ಕೆಲಸದ ಪಟ್ಟಿ ಎಷ್ಟೇ ಉದ್ದ ಇರಲಿ, ಅವರೇ "ಮುಖ್ಯ" ಎಂದು ಹೇಳಲು ಬೇರೆಯವರ ಪಟ್ಟಿಯೂ ಪಕ್ಕದಲ್ಲಿ ಬೇಕಲ್ವಾ?

ಅಂಕ ಹಾಕುವ ಮೊದಲು ಇನ್ನೊಂದೆರಡು ಅನುಮಾನ ತೀರಿಸಿಕೊಳ್ಳಬೇಕು. ಪ್ರಶ್ನೆಯ ನಂಬರ್ ತಪ್ಪಾಗಿ ಬರೆದಿದ್ದಾರಾ? ಅದೇ ಪತ್ರಿಕೆಯ ಬೇರೆ ಪ್ರಶ್ನೆಗೆ ಇದು ಸರಿಯಾದ ಉತ್ತರ ಆಗಿದ್ದರೆ ಅಂಕ ಅಲ್ಲಿಗೆ ಹೋಗಬೇಕು. ಇಲ್ಲಿ ಹಾಗಿರಲಿಲ್ಲ. ಇನ್ನೊಂದು, ತಪ್ಪು ನಮ್ಮ ಪ್ರಶ್ನೆಯದ್ದೇ ಇರಬಹುದಾ? ಇದನ್ನು ಒಂದು ಉತ್ತರದಿಂದ ಹೇಳಲಾಗುವುದಿಲ್ಲ, ಬಂಡಲ್ ತಿರುವಬೇಕು. ಚೆನ್ನಾಗಿ ಓದುವ ಮಕ್ಕಳೂ ಸೇರಿ ಅರ್ಧ ಕ್ಲಾಸು ಒಂದೇ ರೀತಿ ದಾರಿ ತಪ್ಪಿದ್ದರೆ ಪ್ರಶ್ನೆ ಸರಿಯಾಗಿಲ್ಲ ಎಂದರ್ಥ. ಆಗ ಅಂಕ ಹಂಚುವ ಸ್ಕೀಮನ್ನೇ ಸಡಿಲ ಮಾಡಬೇಕು, ಅದೂ ಎಲ್ಲರಿಗೂ. ನಮ್ಮ ಬಂಡಲ್‌ನಲ್ಲಿ ಹೆಚ್ಚಿನವರು ಹಿಂದಿನ ದಿವಾನರಾದ ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಇಬ್ಬರಲ್ಲಿ ಒಬ್ಬರನ್ನಾದರೂ ತಂದಿದ್ದರು. ಪ್ರಶ್ನೆ ಅವರಿಗೆ ಅರ್ಥವಾಗಿತ್ತು.

ನಾವು ಮೊದಲೇ ಮಾಡಿಕೊಂಡಿದ್ದ ಸ್ಕೀಮ್ ಹೀಗಿತ್ತು. ಸ್ಪಷ್ಟವಾದ ನಿಲುವಿಗೆ 2. ಆ ಅವಧಿಯೊಳಗೆ ವಿಶ್ವೇಶ್ವರಯ್ಯನವರು ಮಾಡಿದ ಕೆಲಸ ಮತ್ತು ಅದರ ಪರಿಣಾಮಕ್ಕೆ 5. ಉಳಿದವರ ಪಾಲಿಗೆ 5. ಎರಡನ್ನೂ ತೂಗಿ ನೋಡಿದ್ದಕ್ಕೆ 3.

ನನ್ನ ಜೊತೆ ಬಂಡಲ್ ಹಂಚಿಕೊಂಡಿದ್ದ ಹಿರಿಯ ಸಹೋದ್ಯೋಗಿ ಈ ಉತ್ತರಕ್ಕೆ ಪೆನ್ಸಿಲ್‌ನಲ್ಲಿ 11 ಹಾಕಿ ನನ್ನ ಕಡೆ ತಳ್ಳಿದ್ದರು. "ಎಲ್ಲಾ ಇದೆಯಲ್ಲ ಮೇಡಂ, ಇಷ್ಟು ಚೆನ್ನಾಗಿ ಯಾರು ಬರೀತಾರೆ ಈಗ?" ಅಂದರು. ಅದೇ ಸ್ಟಾಫ್ ರೂಮಿನಲ್ಲಿ ಇನ್ನೊಬ್ಬರು ಕಣ್ಣಾಡಿಸಿ, "ಪ್ರಶ್ನೆಗೆ ಉತ್ತರವೇ ಇಲ್ಲ ಸರ್, ಎರಡು ಹಾಕಿ ಕಳಿಸಿ" ಅಂದರು. ಒಂದೇ ಉತ್ತರ, ಒಂದೇ ಸ್ಕೀಮ್, ಒಂಬತ್ತು ಅಂಕದ ಅಂತರ.

ಇಬ್ಬರೂ ಸ್ಕೀಮನ್ನು ಬಿಟ್ಟು ಮಾತಾಡುತ್ತಿದ್ದರು ಎಂದು ನನಗೆ ಅನಿಸಿತು. ಹನ್ನೊಂದು ಕೊಟ್ಟವರು ಹುಡುಗಿಯ ಬರವಣಿಗೆಗೆ ಅಂಕ ಕೊಟ್ಟರು, ಎರಡು ಅಂದವರು ತಮ್ಮ ಸಿಟ್ಟಿಗೆ ಕೊಟ್ಟರು. ದಾರಿ ತಪ್ಪಿದ ಉತ್ತರಕ್ಕೆ ಶಿಕ್ಷೆ ಅಂತ ಬೇರೆ ಇಲ್ಲ. ಕೇಳದೇ ಇದ್ದದ್ದನ್ನು ಬರೆದರೆ ಅದಕ್ಕೆ ಅಂಕ ಇಲ್ಲ, ಅಷ್ಟೇ. ಅಂಕ ಕಳೆಯುವುದೂ ಇಲ್ಲ. ಮುದ್ದೇನಹಳ್ಳಿ, ಮೂಸಿ ನದಿ ಬರೆಯಲು ಹಾಳಾದ ಸಮಯದ ಬೆಲೆಯನ್ನು ಆ ಹುಡುಗಿ ಪರೀಕ್ಷೆಯ ಹಾಲ್‌ನಲ್ಲೇ ತೆತ್ತಾಗಿದೆ. ನಾವು ಮತ್ತೆ ಕಿತ್ತುಕೊಂಡರೆ ಒಂದೇ ತಪ್ಪಿಗೆ ಎರಡು ಸಲ ದಂಡ ಹಾಕಿದ ಹಾಗೆ.

ಹಾಗಾಗಿ ಅಕ್ಕಿ ಆರಿಸುವ ಹಾಗೆ ಸಾಲು ಸಾಲಾಗಿ ಆರಿಸುತ್ತಾ ಹೋದೆ. ಮೊದಲ ಎರಡು ಪ್ಯಾರಾ ಪಕ್ಕಕ್ಕೆ. ಮೂರರಿಂದ ಐದು ಸ್ಕೀಮಿನ ಎರಡನೇ ಭಾಗಕ್ಕೆ ಬರುತ್ತವೆ. ಬ್ಯಾಂಕು, ಪರಿಷತ್ತು, ವಿಶ್ವವಿದ್ಯಾಲಯ ಎಲ್ಲವೂ ಅವಧಿಯೊಳಗಿನವು, ಇಸವಿಯೂ ಸರಿ. ಆದರೆ ಇವುಗಳಿಂದ ಸಂಸ್ಥಾನದಲ್ಲಿ ಏನು ಬದಲಾಯಿತು ಎಂದು ಕಡ್ಡಾಯ ಶಿಕ್ಷಣದ ಕಡೆ ಮಾತ್ರ ಹೇಳಿದ್ದಾಳೆ, ಉಳಿದದ್ದೆಲ್ಲ ಪಟ್ಟಿ. ಐದಕ್ಕೆ 4. ಉಳಿದವರ ಪಾಲು? ಐದು ಪುಟದಲ್ಲಿ ಹುಡುಕಿದಾಗ ಒಂದು ಅರ್ಧ ವಾಕ್ಯ ಸಿಕ್ಕಿತು: "ನಾಲ್ವಡಿ ಕೃಷ್ಣರಾಜ ಒಡೆಯರು ಕನ್ನಂಬಾಡಿ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ..." ಅದನ್ನು ಅವಳು ವಾದಕ್ಕೆಂದು ಬರೆದದ್ದಲ್ಲ, ಬರೆಯುವಾಗ ಬಂದು ಸೇರಿಕೊಂಡದ್ದು. ಆದರೂ ಮಹಾರಾಜರ ಪಾತ್ರ ಇದೆ ಎಂಬ ಸಂಗತಿ ಪುಟದ ಮೇಲೆ ಇದೆ. 1. ನಿಲುವು ಕೊನೆಯ ಸಾಲಿನಲ್ಲಿ ಇದೆ, ಆಧಾರ ಇಲ್ಲ. ಎರಡಕ್ಕೆ 1. ತೂಗಿ ನೋಡಿದ್ದು ಇಲ್ಲವೇ ಇಲ್ಲ. 0. ಒಟ್ಟು 6.

ಆ ಅರ್ಧ ವಾಕ್ಯಕ್ಕೆ ಕೊಟ್ಟ ಒಂದು ಅಂಕದ ಬಗ್ಗೆ ಕೆಲವರು ತಕರಾರು ತೆಗೆಯಬಹುದು. ನನ್ನ ಲೆಕ್ಕ ಇಷ್ಟು: ಸಂಗತಿ ಇದ್ದರೆ ಸಂಗತಿಯ ಅಂಕ, ಅದನ್ನು ಬಳಸಿಕೊಂಡಿದ್ದರೆ ಮಾತ್ರ ವಾದದ ಅಂಕ. ಅವಳು ಹೇಳದೇ ಇದ್ದದ್ದನ್ನು ನಾನು ನನ್ನ ತಲೆಯಿಂದ ಸೇರಿಸಿ, "ಮಹಾರಾಜರ ಬೆಂಬಲ ಇಲ್ಲದೆ ಆಗುತ್ತಿರಲಿಲ್ಲ ಎಂಬುದು ಇವಳ ಅಭಿಪ್ರಾಯ ಇರಬೇಕು" ಎಂದುಕೊಂಡು ಮೂರು ಕೊಡುವ ಹಾಗಿಲ್ಲ. ಓದಿಕೊಂಡ ಮೇಷ್ಟ್ರುಗಳಿಗೆ ಈ ಚಾಳಿ ಜಾಸ್ತಿ. ಮಕ್ಕಳು ಎರಡು ಪದ ಬರೆದರೆ ಉಳಿದ ವಾಕ್ಯವನ್ನು ನಾವೇ ಮನಸ್ಸಿನಲ್ಲಿ ಮುಗಿಸಿಬಿಡುತ್ತೇವೆ.

ಹಿರಿಯರು ಒಪ್ಪಲಿಲ್ಲ. ಅವರ ಮಾತಿನಲ್ಲೂ ಒಂದು ತೂಕ ಇತ್ತು. "ವಿಶ್ವೇಶ್ವರಯ್ಯನವರ ಕೆಲಸಕ್ಕೆ ಬರೀ ಐದು ಅಂಕ ಇಟ್ಟದ್ದೇ ಕಮ್ಮಿ ಆಯ್ತು. ಎಂಟು ಇಡಬೇಕಿತ್ತು" ಅಂದರು. ಇರಬಹುದು. ಅದು ಸ್ಕೀಮ್ ಮೇಲಿನ ತಕರಾರು. ಅದನ್ನು ಬದಲಿಸುವುದಾದರೆ ಆಗಲೇ ನೋಡಿ ಇಟ್ಟ ಎಲ್ಲ ಉತ್ತರಗಳಿಗೂ ಬದಲಿಸಬೇಕು. ಒಂದು ಉತ್ತರ ಇಷ್ಟವಾಯಿತು ಅಂತ ಅದರ ಅಳತೆಗೆ ಸ್ಕೀಮ್ ಹಿಗ್ಗಿಸಲು ಬರುವುದಿಲ್ಲ.

ನಾನು ಬಂಡಲ್‌ನಿಂದ ಇನ್ನೊಂದು ಉತ್ತರ ತೆಗೆದು ಅವರ ಮುಂದೆ ಇಟ್ಟೆ. ಒಂದೂವರೆ ಪುಟ. ಕಾಗುಣಿತ ತಪ್ಪು, ಅಕ್ಷರ ಕಾಗೆ ಕಾಲು. ಆದರೆ ಅದರಲ್ಲಿ 1881ರಲ್ಲಿ ರಂಗಾಚಾರ್ಲು ದಿವಾನರಾಗಿದ್ದಾಗ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು ಎಂದಿತ್ತು. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ಕ್ಕೆ ಬೆಂಗಳೂರಿಗೂ ಬಂತು ಎಂದಿತ್ತು. ವಿಶ್ವೇಶ್ವರಯ್ಯನವರ ಬಗ್ಗೆ ಬ್ಯಾಂಕು, ವಿಶ್ವವಿದ್ಯಾಲಯ ಅಂತ ಎರಡೇ ಸಾಲು. ಕೊನೆಗೆ: "ಇವರು ಬರುವ ಮುಂಚೆನೇ ಅರ್ಧ ಕೆಲಸ ಆಗಿತ್ತು, ಇವರು ಜೋರು ಮಾಡಿದರು." ಇದಕ್ಕೆ ಅದೇ ಹಿರಿಯರು 7 ಹಾಕಿದ್ದರು. ಸ್ಕೀಮ್ ಹಿಡಿದು ಇಬ್ಬರೂ ಕೂತು ನೋಡಿದೆವು. ನಿಲುವಿಗೆ 2, ವಿಶ್ವೇಶ್ವರಯ್ಯ 2, ಇತರರು 4, ತೂಕ 1. ಒಟ್ಟು 9. ಆ ಕೊನೆಯ ಸಾಲು ಆಡುಮಾತಿನಲ್ಲಿದೆ, ಆದರೆ ಕೇಳಿದ ಪ್ರಶ್ನೆಗೆ ಅದು ನೇರ ಉತ್ತರ. ಎರಡು ಉತ್ತರಗಳನ್ನು ಹೀಗೆ ಪಕ್ಕಪಕ್ಕ ಇಟ್ಟ ಮೇಲೆ, ಜೀವನಚರಿತ್ರೆ ಬರೆದವಳಿಗೆ 11 ಕೊಡಲು ಅವರಿಗೂ ಕೈ ಬರಲಿಲ್ಲ. 11 ಹೊಡೆದು 6 ಮಾಡಿದರು. ಮುಖದಲ್ಲಿ ಸಮಾಧಾನ ಇರಲಿಲ್ಲ.

ಇಲ್ಲಿ 6ರ ಪಕ್ಕದಲ್ಲೇ ಒಂದು ಆಸೆ ಕಾದಿರುತ್ತದೆ. ಇಷ್ಟು ಓದಿದ ಹುಡುಗಿ, ಒಂದೆರಡು ಜಾಸ್ತಿ ಹಾಕಿದರೆ ಏನು ಗಂಟು ಹೋಗುತ್ತದೆ ಅಂತ. ಪಾಸಿನ ಗೆರೆಯ ಹತ್ತಿರ ಇದು ಇನ್ನೂ ಜೋರು. ಇಡೀ ಪತ್ರಿಕೆಯ ಮೊತ್ತದಲ್ಲಿ ಕರುಣೆಯ ಅಂಕ ಕೊಡಲು ನಿಯಮ ಇದ್ದರೆ ಅಲ್ಲಿ ಕೊಡಲಿ. ಒಂದು ಪ್ರಶ್ನೆಯೊಳಗೆ ಯಾರಿಗೂ ಕಾಣದ ಹಾಗೆ ಸೇರಿಸಿದರೆ, ಆ ಒಂದೂವರೆ ಪುಟದ ಹುಡುಗನಿಗೆ ಅದು ಯಾಕೆ ಸಿಗಲಿಲ್ಲ ಎಂದು ಹೇಳಲು ನಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಇದರ ಉಲ್ಟಾ ಒಂದು ಉತ್ತರವೂ ಅದೇ ಬಂಡಲ್‌ನಲ್ಲಿತ್ತು. ಅದನ್ನು ಹೇಳದಿದ್ದರೆ ದಾರಿ ತಪ್ಪಿದ ಉತ್ತರ ಗುರುತಿಸುವುದು ಬಹಳ ಸುಲಭ ಅನ್ನಿಸಿಬಿಡಬಹುದು. ಆ ಉತ್ತರ ಶುರುವಾಗಿದ್ದು 1917ರ ಪ್ರಜಾಮಿತ್ರ ಮಂಡಳಿಯಿಂದ. ಮೊದಲ ಪುಟದಲ್ಲಿ ವಿಶ್ವೇಶ್ವರಯ್ಯನವರ ಹೆಸರೇ ಇಲ್ಲ. ಹಿಂದುಳಿದ ವರ್ಗದವರಿಗೆ ಸರ್ಕಾರಿ ಕೆಲಸ ಸಿಗಬೇಕೆಂಬ ಬೇಡಿಕೆ, 1918ರಲ್ಲಿ ಮಹಾರಾಜರು ನೇಮಿಸಿದ ಮಿಲ್ಲರ್ ಸಮಿತಿ, ಹೀಗೆ ಹೋಗುತ್ತದೆ. ಅವಸರದಲ್ಲಿ ನೋಡಿದವರು "ಮೀಸಲಾತಿಯ ಇತಿಹಾಸ ಬರೆದಿದ್ದಾನೆ" ಅಂತ ಪಕ್ಕಕ್ಕಿಡುತ್ತಾರೆ. ಆದರೆ ಎರಡನೇ ಪುಟದಲ್ಲಿ ಹುಡುಗ ತಿರುಗಿದ್ದಾನೆ. ಅಣೆಕಟ್ಟು, ಬ್ಯಾಂಕು ಮಾತ್ರ ಆಧುನೀಕರಣವೇ, ಕಚೇರಿಯ ಬಾಗಿಲು ಎಲ್ಲ ಜಾತಿಗೂ ತೆರೆಯುವುದು ಆಧುನೀಕರಣ ಅಲ್ಲವೇ ಎಂದು ಕೇಳಿದ್ದಾನೆ. ನೇಮಕಾತಿಯಲ್ಲಿ ಮೀಸಲು ಇಡುವುದನ್ನು ವಿಶ್ವೇಶ್ವರಯ್ಯನವರು ಒಪ್ಪಿರಲಿಲ್ಲ, 1918ರಲ್ಲಿ ಅವರು ದಿವಾನಗಿರಿ ಬಿಟ್ಟದ್ದಕ್ಕೆ ಅದೇ ಮುಖ್ಯ ಕಾರಣ, ಆದ್ದರಿಂದ ಕಟ್ಟಡ ಕಾರ್ಖಾನೆಗಳ ಮಟ್ಟಿಗೆ ಆ ಮಾತನ್ನು ಒಪ್ಪಬಹುದು, ಸಮಾಜದ ಮಟ್ಟಿಗೆ ಒಪ್ಪಲಾಗದು ಎಂದು ಮುಗಿಸಿದ್ದಾನೆ.

ಇದಕ್ಕೂ ಅದೇ ಪರೀಕ್ಷೆ ಮಾಡಿದೆ. ಈ ಉತ್ತರಕ್ಕೆ ಪೂರ್ತಿ ಅಂಕ ಬರಬೇಕಾದರೆ ಪ್ರಶ್ನೆ ಏನಿರಬೇಕು? ಮಾರ್ಜಿನ್‌ನಲ್ಲಿ ಬರೆಯಲು ಹೋದರೆ ನಮ್ಮ ಪ್ರಶ್ನೆಯೇ ಬಂತು. ಅವನು ಪ್ರಶ್ನೆಯಿಂದ ಹೊರಗೆ ಹೋಗಿಲ್ಲ, ಪ್ರಶ್ನೆಯೊಳಗಿನ ಒಂದು ಪದದ ಜೊತೆ ಜಗಳ ಆಡಿದ್ದಾನೆ. ನಮ್ಮ ಸ್ಕೀಮಿನಲ್ಲಿ ಇತರರ ಪಾಲು ಎಂದಾಗ ನಾವು ಯೋಚಿಸಿದ್ದು ಬೇರೆ ದಿವಾನರನ್ನು. ಮಂಡಳಿ, ಸಮಿತಿ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಅವಧಿಯೊಳಗೆ ಬದಲಾವಣೆ ತಂದ ಇತರರು ಅವರೂ ಹೌದು. ಮಿಲ್ಲರ್ ಸಮಿತಿಯ ವರದಿ ಬಂದದ್ದು 1919ರಲ್ಲಿ, ಅಷ್ಟರ ಮಟ್ಟಿಗೆ ಗಡಿ ದಾಟಿದ್ದಾನೆ, ಅದರ ಮೇಲೆ ಅವನ ವಾದ ನಿಂತಿಲ್ಲ. ವಿಶ್ವೇಶ್ವರಯ್ಯನವರ ಕೆಲಸಗಳನ್ನು ಅವಸರದಲ್ಲಿ ಹೇಳಿದ್ದರಿಂದ ಅಲ್ಲಿ ಎರಡು ಹೋಯಿತು. ಅವನಿಗೆ ಬಂದದ್ದು 13.

ಉತ್ತರ ಪತ್ರಿಕೆ ವಾಪಸ್ ಕೊಟ್ಟ ದಿನ ಆ ಹುಡುಗಿ ಸ್ಟಾಫ್ ರೂಮಿಗೆ ಬಂದಳು. "ಮೇಡಂ, ನಾನು ಬರೆದದ್ರಲ್ಲಿ ತಪ್ಪೇನಿದೆ ಹೇಳಿ" ಅಂದಳು. ತಪ್ಪು ಅಂತ ಏನೂ ಇರಲಿಲ್ಲ, ಒಂದು ಕಡೆ ಬಿಟ್ಟು. ಮಾರ್ಜಿನ್‌ನಲ್ಲಿ ಬರೆದಿದ್ದ ಪ್ರಶ್ನೆ ತೋರಿಸಿದೆ. ಓದಿ ಸುಮ್ಮನಾದಳು. ಆಮೇಲೆ ಕನ್ನಂಬಾಡಿಯ ಪ್ಯಾರಾವನ್ನು ಇಬ್ಬರೂ ನೋಡಿದೆವು. ಅವಳು ಬರೆದಿದ್ದು: "1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಇದರಿಂದ ಮಂಡ್ಯದ ಬರಡು ಭೂಮಿ ಹಸಿರಾಯಿತು." ಮಂಡ್ಯದ ಗದ್ದೆಗಳಿಗೆ ನಾಲೆಯ ನೀರು ಹರಿದದ್ದು 1930ರ ದಶಕದಲ್ಲಿ. ಪ್ರಶ್ನೆಯ ಅವಧಿ ಮುಗಿದು ಎಷ್ಟೋ ವರ್ಷ ಆದ ಮೇಲೆ, ಬೇರೆ ದಿವಾನರ ಕಾಲದಲ್ಲಿ.

"ಹಾಗಾದ್ರೆ 1918ರೊಳಗೆ ಅದರಿಂದ ಏನು ಉಪಯೋಗ ಆಯ್ತು ಮೇಡಂ?" ಅಂತ ಕೇಳಿದಳು. ಪರೀಕ್ಷೆಯಲ್ಲಿ ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದೇ. ಕಟ್ಟೆಯ ಮೊದಲ ಹಂತದ ದೊಡ್ಡ ಉದ್ದೇಶಗಳಲ್ಲಿ ಒಂದು, ಬೇಸಿಗೆಯಲ್ಲೂ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ನೀರು ಕಡಿಮೆಯಾಗದಂತೆ ನೋಡಿಕೊಳ್ಳುವುದು. ಆ ಕೇಂದ್ರದ ಯೋಜನೆ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದ್ದು. ಇಷ್ಟು ಹೇಳಿ, ಇದನ್ನೇ ಇಟ್ಟುಕೊಂಡು ಆ ಪ್ಯಾರಾ ಮಾತ್ರ ಮತ್ತೆ ಬರೆ ಅಂದೆ. ಅಲ್ಲೇ ನಿಂತು ಬರೆದಳು:

"ಕನ್ನಂಬಾಡಿ ವಿಶ್ವೇಶ್ವರಯ್ಯನವರ ದೊಡ್ಡ ಕೆಲಸ. ಆದರೆ ಅದು ನೀರು ಕೊಡಬೇಕಿದ್ದ ಶಿವನಸಮುದ್ರದ ವಿದ್ಯುತ್ ಕೇಂದ್ರ 1902ರಲ್ಲೇ ಕೆಲಸ ಶುರುಮಾಡಿತ್ತು, ಅದರ ಯೋಜನೆ ಶೇಷಾದ್ರಿ ಅಯ್ಯರ್ ಅವರ ಕಾಲದ್ದು. ಕಟ್ಟೆಗೆ ಒಪ್ಪಿಗೆ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಆದ್ದರಿಂದ ಈ ಕೆಲಸದಲ್ಲಿ ಅವರು ಮುಖ್ಯರು, ಆದರೆ ಮೊದಲಿಗರಲ್ಲ, ಒಬ್ಬರೇ ಅಲ್ಲ."

ಈ ನಾಲ್ಕು ಸಾಲಿಗೆ ಸ್ಕೀಮ್ ಹಿಡಿದು ಅವಳ ಕೈಯಲ್ಲೇ ಅಂಕ ಹಾಕಿಸಿದೆ. ವಿಶ್ವೇಶ್ವರಯ್ಯನವರ ಕೆಲಸಕ್ಕೆ 1, ಇತರರ ಪಾಲಿಗೆ 2, ನಿಲುವಿಗೆ 2, ತೂಕಕ್ಕೆ 2. ಒಟ್ಟು 7 ಬಂತು. "ಐದು ಪುಟಕ್ಕೆ ಆರು, ನಾಲ್ಕು ಸಾಲಿಗೆ ಏಳಾ?" ಅಂತ ಇನ್ನೊಂದು ಸಲ ಕೂಡಿಸಿ ನೋಡಿದಳು.